ಇಪ್ಪತ್ತೈದನೇ ಎಲೆ

ಮಗಳ ಮದುವೆಗೆ ಇನ್ನು 18 ದಿನ ಇತ್ತು. ಆ ಭಾನುವಾರ ನಾನು ಒಂದು ಸೂಡಿ ವೀಳ್ಯದೆಲೆ ಹಿಡಿದುಕೊಂಡು ಮುಂಬೈಯ ಮುಲುಂಡಿನ ಒಬ್ಬ ಜೋಯಿಸರ ಮನೆಗೆ ಹೋಗಿದ್ದೆ. ಮನೆಯಲ್ಲಿ ಹೇಳಿದ್ದು ಬೇರೆ. ಮಾಟುಂಗಾದಲ್ಲಿ ಬಾಳೆ ಎಲೆಗೆ, ಹೂವಿಗೆ ಅಡ್ವಾನ್ಸ್ ಕೊಟ್ಟು ಬರ್ತೀನಿ ಅಂದಿದ್ದೆ. ಅದು ಸುಳ್ಳೇನಲ್ಲ, ಅಡ್ವಾನ್ಸ್ ಕೊಟ್ಟೆ. ಆಮೇಲೆ ಅಲ್ಲೇ ಪಕ್ಕದವನ ಹತ್ತಿರ ಎಲೆ ಕೊಂಡೆ.

ಹೋಗುವ ಮನಸ್ಸು ನನಗಿರಲಿಲ್ಲ. ಕುಂದಾಪುರದಿಂದ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಹುಡುಗ ಪುಣೆಯವನು, ಮರಾಠಿ. ಮಗಳೇ ಮೆಚ್ಚಿದ ಹುಡುಗ. ಅವರ ಮನೆಯವರು ‘ಜಾತಕ ಗೀತಕ ಏನೂ ಬೇಡ’ ಅಂದುಬಿಟ್ಟರು. ಮಗಳೂ ಅದನ್ನೇ ಅಂದಳು. ಅಕ್ಕನಿಗೆ ಮಾತ್ರ ಸಮಾಧಾನ ಇಲ್ಲ. ‘ಹುಡುಗನದ್ದು ಬೇಡ, ನಮ್ಮ ಮಗುವಿನದ್ದಾದರೂ ತೋರಿಸು’ ಅಂತ ಹಟ.

ತೋರಿಸೋಣ ಅಂದರೆ ಅಲ್ಲೂ ಒಂದು ತೊಡಕು. ಆಸ್ಪತ್ರೆ ಚೀಟಿಯಲ್ಲಿ ಮಗಳು ಹುಟ್ಟಿದ ಹೊತ್ತು ಬೆಳಗಿನ 4 ಗಂಟೆ 10 ನಿಮಿಷ ಅಂತ ಇದೆ. ನಮ್ಮ ಅತ್ತೆ ಹಾಲಿನ ಲೆಕ್ಕದ ಡೈರಿಯಲ್ಲಿ ಬರೆದಿಟ್ಟದ್ದು 4-40. ಜಾತಕದ ಲಗ್ನ, ಅಂದರೆ ಹುಟ್ಟುವಾಗ ಪೂರ್ವದಲ್ಲಿ ಮೂಡುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತೆ, ಅರ್ಧ ಗಂಟೆಯಲ್ಲಿ ಏನು ಮಹಾ ಅಂತ ನಾನು ಅಂದುಕೊಂಡಿದ್ದೆ. ಫೋನಿನಲ್ಲಿ ಎರಡೂ ಹೊತ್ತು ಹೇಳಿದಾಗ ಜೋಯಿಸರು ಲೆಕ್ಕ ಹಾಕಿ ನಕ್ಕರು. ಇವಳ ಲಗ್ನ ಬದಲಾಗುವುದು ಸರಿಯಾಗಿ ಆ ಅರ್ಧ ಗಂಟೆಯ ನಡುವೆ. ಒಂದು ಹೊತ್ತು ಹಿಡಿದರೆ ಕುಜ ಆರನೇ ಮನೆಯಲ್ಲಿ, ಅದಕ್ಕೆ ದೋಷ ಇಲ್ಲ. ಇನ್ನೊಂದು ಹಿಡಿದರೆ ದೋಷದ ಮನೆಯಲ್ಲಿ. "ಈ ಜಾತಕ ಇಟ್ಟುಕೊಂಡು ನಾನು ಏನು ಹೇಳಿದರೂ ಅರ್ಧ ಸುಳ್ಳಾಗುತ್ತೆ. ತಾಂಬೂಲ ಪ್ರಶ್ನೆ ಇಡುವ. ಎಲೆ ತನ್ನಿ, ಎಣಿಸಬೇಡಿ" ಅಂದರು.

ತಾಂಬೂಲ ಪ್ರಶ್ನೆ ಅಂದರೆ ನಮ್ಮ ಕರಾವಳಿ ಕಡೆಯವರಿಗೆ ಗೊತ್ತು. ಕೇಳಲು ಬಂದವನು ಕೈಯಾರೆ ಕೊಟ್ಟ ಎಲೆಯಲ್ಲೇ ಉತ್ತರ ನೋಡುವುದು. ಹುಟ್ಟಿದ ಹೊತ್ತು ಬೇಕಾಗಿಲ್ಲ. 1649ರಲ್ಲಿ ಕೇರಳದಲ್ಲಿ ಬರೆದ ಪ್ರಶ್ನಮಾರ್ಗದಲ್ಲಿ ಇದರ ಕ್ರಮ ಇದೆ, ನಮ್ಮ ಕಡೆಯ ಜೋಯಿಸರು ಅದನ್ನೇ ಹಿಡಿದು ನಡೆಯುವವರು. ಎಣಿಸಬೇಡಿ ಅಂದದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಎಣಿಸಿ ತಂದರೆ ಅದು ನಾನು ಆರಿಸಿದ ಸಂಖ್ಯೆ ಆಗುತ್ತೆ, ತಾನಾಗಿ ಬಂದದ್ದು ಆಗೋದಿಲ್ಲ.

ಎಲೆಯವನು ನೀರು ಚಿಮುಕಿಸಿ, ಪೇಪರಿನಲ್ಲಿ ಸಡಿಲವಾಗಿ ಸುತ್ತಿ ಕೊಟ್ಟ. ಬಟ್ಟೆ ಚೀಲದೊಳಗೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು ಅದರಲ್ಲಿ ಹಾಕಿಕೊಂಡೆ. ಆವತ್ತು ಮೆಗಾಬ್ಲಾಕ್, ಹಳಿ ರಿಪೇರಿಗೆ ಲೈನ್ ಬಂದ್. ಸೆಂಟ್ರಲ್ ಲೈನಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸ್ಲೋ ಗಾಡಿಗಳನ್ನು ಫಾಸ್ಟ್ ಲೈನಿಗೆ ಹಾಕಿರುತ್ತಾರೆ, ಎರಡು ಗಾಡಿಯ ಜನ ಒಂದರಲ್ಲಿ. ಕುರ್ಲಾದಲ್ಲಿ ಹತ್ತಿದ ಗುಂಪು ನನ್ನನ್ನು ಬಾಗಿಲಿನ ನಡುಗಂಬಕ್ಕೆ ಒತ್ತಿ ನಿಲ್ಲಿಸಿತು. ಚೀಲ ತಲೆಯ ಮೇಲೆ ಹಿಡಿದೆ, ಕೈ ಸೋತು ಎದೆಗೆ ಹಿಡಿದೆ, ಘಾಟ್‌ಕೋಪರಿನಲ್ಲಿ ಯಾರದೋ ಮೊಣಕೈ ತಾಗಿ ಅದು ಬುಡಮೇಲಾಯಿತು. ಮುಲುಂಡಿನಲ್ಲಿ ಇಳಿದಾಗ ನನ್ನ ಅಂಗಿಯ ಒಂದು ಗುಂಡಿ ಇರಲಿಲ್ಲ.

ಜೋಯಿಸರ ಮನೆ ಮುಟ್ಟಿದ್ದು 11-40ಕ್ಕೆ. ಒಂದೇ ಕೋಣೆಯಲ್ಲಿ ದೇವರು, ಟಿ.ವಿ., ಮಡಚಿಟ್ಟ ಹಾಸಿಗೆ. "ಬೇಗ ಬನ್ನಿ, ಮಧ್ಯಾಹ್ನ ದಾಟಿದರೆ ಲೆಕ್ಕವೇ ತಿರುಗುತ್ತೆ" ಅಂದರು. ಹೊತ್ತು ಮೇಲೇರುವಾಗ ಕೇಳಿದರೆ ಎಲೆಯನ್ನು ಮೇಲಿನಿಂದ ನೋಡಬೇಕಂತೆ, ಮಧ್ಯಾಹ್ನದ ಮೇಲೆ ಕೇಳಿದರೆ ಕೆಳಗಿನಿಂದ. ಅಂದರೆ ಆ ಮೆಗಾಬ್ಲಾಕು ಇನ್ನೂ ಸ್ವಲ್ಪ ಹೊತ್ತು ತಡಮಾಡಿದ್ದರೆ ಬೇರೆಯೇ ಎಲೆಗಳು ನನ್ನ ಮಗಳ ವಿಷಯ ಹೇಳುತ್ತಿದ್ದವು. ಇದನ್ನು ನಾನು ಆಗ ಯೋಚಿಸಲಿಲ್ಲ. ಕೈಕಾಲು ತೊಳೆದು, ಪ್ಲಾಸ್ಟಿಕ್ಕಿನಿಂದ ಎಲೆ ತೆಗೆದು, ಪೇಪರ್ ಬಿಚ್ಚಿ, ಅಡಿಕೆ ಮತ್ತು ದಕ್ಷಿಣೆ ಇಟ್ಟು ಎರಡೂ ಕೈಯಲ್ಲಿ ಕೊಟ್ಟೆ.

ಅವರು ಎಣಿಸಿದರು. 24.

ಲೆಕ್ಕ ಬಹಳ ಸುಲಭ, ಯಾರು ಬೇಕಾದರೂ ಹಾಕಬಹುದು. ಎಲೆಯ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಐದರಿಂದ ಗುಣಿಸಿ, ಒಂದು ಕೂಡಿಸಿ, ಏಳರಿಂದ ಭಾಗಿಸಬೇಕು. 24ರ ಎರಡರಷ್ಟು 48, ಅದರ ಐದರಷ್ಟು 240, ಒಂದು ಕೂಡಿಸಿದರೆ 241. ಏಳು ಮೂವತ್ನಾಲ್ಕಲೆ 238. ಉಳಿದದ್ದು 3. ಆ ಉಳಿದದ್ದನ್ನು ವಾರದ ಕ್ರಮದಲ್ಲಿ ರವಿಯಿಂದ ಎಣಿಸಬೇಕು. ರವಿ, ಚಂದ್ರ, ಕುಜ. ಮೂರನೆಯವನು ಕುಜ. ಶೇಷ ಏನೂ ಉಳಿಯದಿದ್ದರೆ ಶನಿ.

ಒಬ್ಬೊಬ್ಬ ಗ್ರಹ ಬಂದರೆ ಒಂದೊಂದು ಫಲ. ಚಂದ್ರ ಬಂದರೆ ಸುಖ, ಬುಧ ಗುರು ಬಂದರೆ ಲಾಭ, ಶುಕ್ರ ಬಂದರೆ ಬೇಕಾದ್ದೆಲ್ಲ ಸಿಗುತ್ತೆ. ಕುಜ ಬಂದರೆ ಜಗಳ. ಜೋಯಿಸರು ಏನೂ ಹೇಳದೆ ಪಂಚಾಂಗ ತೆಗೆದು ಆವತ್ತು ಕುಜ ಯಾವ ರಾಶಿಯಲ್ಲಿದ್ದಾನೆ ನೋಡಿದರು. ಅದೇ ತಾಂಬೂಲ ಲಗ್ನ. ಒಂದು ಕಾಗದದಲ್ಲಿ ಕುಂಡಲಿ ಬರೆದು ಪಕ್ಕಕ್ಕಿಟ್ಟರು. ಆಮೇಲೆ ಮೇಲಿನಿಂದ 12 ಎಲೆಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಸಾಲಾಗಿ ಹಾಸಿದರು. 12 ಎಲೆ, ಜಾತಕದ 12 ಭಾವ, ಅಂದರೆ 12 ಮನೆ. ಬಾಡಿದ್ದು, ತೂತಾದ್ದು, ಹರಿದದ್ದು ಯಾವುದೋ ಆ ಭಾವಕ್ಕೆ ತೊಂದರೆ.

ಮೊದಲಿನ ಮೂರು ಚೆನ್ನಾಗಿದ್ದವು. ನಾಲ್ಕನೆಯದರ ತುದಿ ಹಳದಿ ತಿರುಗಿತ್ತು. "ನಾಲ್ಕು ಅಂದರೆ ಮನೆ. ಮನೆಯಲ್ಲಿ ಏನಾದರೂ ರಿಪೇರಿ ಉಂಟಾ?" ಅಂದರು. ನಮ್ಮ ಬಾತ್‌ರೂಮಿನ ಸೀಲಿಂಗ್ ಸೋರುತ್ತೆ, ಹೌದು ಅಂದೆ. (ಡೊಂಬಿವಲಿಯಲ್ಲಿ ಸೀಲಿಂಗ್ ಸೋರದ ಮನೆ ಯಾವುದಿದೆ ಅಂತ ಆಗಲೂ ಅನಿಸಿತು. ಆದರೂ ಬೆನ್ನು ನೆಟ್ಟಗಾಯಿತು.) ಐದನೆಯ ಎಲೆ ಅಂಗೈಯಗಲ, ತಿಳಿಹಸಿರು, ಒಂದು ಕಲೆ ಇಲ್ಲ. "ಐದು ಸಂತಾನ. ಕೇಳುವವರು ನೀವಲ್ವಾ, ಹಾಗಾಗಿ ಇದೇ ನಿಮ್ಮ ಮಗಳು. ಹುಡುಗಿ ಬಂಗಾರ" ಅಂದರು. ಆರು ಸಾಧಾರಣ.

ಏಳು ಅಂದರೆ ಮದುವೆ. ಏಳನೆಯದನ್ನು ಎತ್ತಿದವರು ಕೆಳಗಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು. ನಡುವಿನ ನರದ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಉದ್ದಕ್ಕೆ ಸೀಳಿತ್ತು. ಸೀಳಿದ ಅಂಚು ಕಪ್ಪಾಗಿರಲಿಲ್ಲ, ಹಸಿಯಾಗಿಯೇ ಇತ್ತು. ಅಂದರೆ ಹೊಸದಾಗಿ ಹರಿದದ್ದು. ಬಾಗಿಲಿನ ಕಂಬ ನೆನಪಾಯಿತು.

"ಗಾಡಿಯಲ್ಲಿ ರಶ್ ಇತ್ತು ಜೋಯಿಸರೇ" ಅಂದೆ.

"ಇರಬಹುದು. ರಶ್ಶಿನಲ್ಲಿ ಬೇರೆ ಎಲೆ ಹರಿಯಲಿಲ್ಲ ಅಲ್ವಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಟರಿಂದ ಹನ್ನೆರಡರವರೆಗೆ ಎಲ್ಲವೂ ಸರಿಯಿತ್ತು.

ಅವರು ಹೆದರಿಸುವ ಜಾತಿಯವರಲ್ಲ. ಆ ಮಾತನ್ನು ಇಲ್ಲಿ ಹೇಳಲೇಬೇಕು. ಸಾವಿರಾರು ರೂಪಾಯಿಯ ಹೋಮ ಮಾಡಿಸಿ ಅನ್ನಲಿಲ್ಲ. "ನಾನು ಮದುವೆ ನಿಲ್ಲಿಸಿ ಅಂತ ಹೇಳೋದಿಲ್ಲ. ದಿನ ನಿಶ್ಚಯ ಆಗಿ ಕಾರ್ಡು ಹಂಚಿದ ಮೇಲೆ ಬಂದಿದ್ದೀರಿ. ಆದರೆ ಕಂಡದ್ದನ್ನು ಮುಚ್ಚಿಡಬಾರದು. ಕುಜ ಬಂದ, ಏಳನೆಯದು ಹರಿದಿದೆ. ಗಂಡ ಹೆಂಡತಿ ನಡುವೆ ಜಗಳ ಜಾಸ್ತಿ, ಸ್ವಲ್ಪ ಕಾಲ ಬೇರೆ ಬೇರೆ ಇರುವ ಸೂಚನೆ" ಅಂದರು. ಪರಿಹಾರ ಅಂತ ಹೇಳಿದ್ದು ಇಷ್ಟೇ. ಮಂಗಳವಾರ ಸುಬ್ರಹ್ಮಣ್ಯನಿಗೆ ಒಂದು ಅರ್ಚನೆ, ಕೆಂಪು ಬಟ್ಟೆಯಲ್ಲಿ ಕಟ್ಟಿ ತೊಗರಿ ದಾನ. ತೊಗರಿ ಕುಜನ ಧಾನ್ಯ. "ಮನೆಯವರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು" ಅಂತ ಬಾಗಿಲವರೆಗೆ ಬಂದು ಕಳಿಸಿದರು.

ಹೇಳಬಾರದು ಅಂತ ನಾನು ತೀರ್ಮಾನಿಸಿದ್ದು ಯಾವಾಗ ಅಂತ ಸರಿಯಾಗಿ ಗೊತ್ತಿಲ್ಲ. ಠಾಣೆ ದಾಟುವಾಗ ಹೆಂಡತಿಗೆ ಹೇಗೆ ಹೇಳುವುದು ಅಂತ ಮಾತು ಜೋಡಿಸುತ್ತಿದ್ದೆ. ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ಬಾಳೆ ಎಲೆಯ ರೇಟು ಮಾತ್ರ ಹೇಳುವುದು ಅಂತ ಆಗಿತ್ತು. ಹೆಂಡತಿಗೆ ಹೇಳಿದರೆ ಅವಳು ಮದುವೆ ನಿಲ್ಲಿಸುವವಳಲ್ಲ. ಆದರೆ ಮಗಳ ಮುಖ ನೋಡುವ ರೀತಿ ಬದಲಾಗುತ್ತೆ. ಅಳಿಯ ಒಂದು ದಿನ ಊಟ ಸರಿಯಾಗಿ ಮಾಡದಿದ್ದರೆ ಇವಳು ಕುಜನನ್ನು ನೋಡುತ್ತಾಳೆ. ಅಕ್ಕನಿಗೆ ಹೇಳಿದರಂತೂ ಸಂಜೆಯೊಳಗೆ ಕುಂದಾಪುರದಿಂದ ಬೈಂದೂರಿನವರೆಗೆ ಸುದ್ದಿ.

ರಾತ್ರಿ ಅಕ್ಕನ ಫೋನ್ ಬಂತು. "ಎಂತ ಹೇಳ್ರು ಜೋಯಿಸ್ರು?"

"ಐದನೇ ಎಲೆ ಭಾರೀ ಚಂದ ಬಂದಿತ್ತು. ಹುಡುಗಿ ಬಂಗಾರ ಅಂದ್ರು" ಅಂದೆ. ಒಂದು ಅಕ್ಷರ ಸುಳ್ಳಿಲ್ಲ.

ಫೋನ್ ಇಟ್ಟು ಚೀಲ ಒಣಹಾಕಲು ಪ್ಲಾಸ್ಟಿಕ್ ಕವರ್ ಕೊಡವಿದೆ. ಅದರ ಒಳಮೈಗೆ ಒಂದು ಎಲೆ ಅಂಟಿಕೊಂಡಿತ್ತು. ಒದ್ದೆಗೆ ಹಾಗೆ ಕಚ್ಚಿಕೊಂಡು ಕೂತಿತ್ತು, ಬೆಳಿಗ್ಗೆ ನನ್ನ ಕೈಗೆ ಸಿಕ್ಕಿರಲಿಲ್ಲ. ಆ ಎಲೆಯವನ ಒಂದು ಸೂಡಿ ಅಂದರೆ 25 ಎಲೆ. ಎಲೆಯವನು ಮೋಸ ಮಾಡಿರಲಿಲ್ಲ.

ಮೇಜಿನ ಮೇಲೆ ಉಳಿದ ಮದುವೆ ಕಾರ್ಡುಗಳಿದ್ದವು. ಒಂದರ ಬೆನ್ನಿಗೆ ಲೆಕ್ಕ ಹಾಕಿದೆ. 25ರ ಎರಡರಷ್ಟು 50, ಐದರಷ್ಟು 250, ಒಂದು ಕೂಡಿದರೆ 251. ಏಳು ಮೂವತ್ತೈದಲೆ 245. ಉಳಿದದ್ದು 6. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ. ಆರನೆಯವನು ಶುಕ್ರ! ಮದುವೆಗೆ ಅವನಿಗಿಂತ ಒಳ್ಳೆಯವನು ಯಾರು? ನನಗೆ ನಗು ಬಂದುಬಿಟ್ಟಿತು. ಒಂದು ಎಲೆ ಪ್ಲಾಸ್ಟಿಕ್ಕಿಗೆ ಅಂಟಿದ್ದಕ್ಕೆ ಇಷ್ಟೆಲ್ಲ ಆಗಿತ್ತು. ಇನ್ನೊಂದು ಎಲೆಯೂ ಅಂಟಿಕೊಂಡು 23 ಕೊಟ್ಟಿದ್ದರೆ? ಅದನ್ನೂ ಹಾಕಿ ನೋಡಿದೆ. 231, ಏಳರಿಂದ ಪೂರ್ತಿ ಭಾಗವಾಗುತ್ತೆ. ಶನಿ. ಫಲ ಕುಜನಿಗಿಂತ ಕೆಟ್ಟದ್ದು. ಎಲೆ ಒಂದು ಹೆಚ್ಚಿದರೆ ಶೇಷ ಮೂರು ಮುಂದೆ ಹೋಗುತ್ತೆ, ಹಾಗಾಗಿ ಪಕ್ಕಪಕ್ಕದ ಎರಡು ಸಂಖ್ಯೆಗೆ ಒಂದೇ ಗ್ರಹ ಯಾವತ್ತೂ ಬರೋದಿಲ್ಲ.

ಹಾಗೆ ಖುಷಿಯಲ್ಲಿ ಕೂತವನಿಗೆ ಚಾಪೆಯ ಸಾಲು ನೆನಪಾಯಿತು. ಈ ಎಲೆ ಕಟ್ಟಿನ ಅಡಿಯಲ್ಲಿದ್ದದ್ದಾದರೆ ತೊಂದರೆ ಇಲ್ಲ, ಸಾಲು ಇದ್ದ ಹಾಗೇ ಇರುತ್ತೆ, ಗ್ರಹ ಮಾತ್ರ ಶುಕ್ರ ಆಗುತ್ತಾನೆ. ಮೇಲಿದ್ದದ್ದಾದರೆ? ಆಗ ಇದೇ ಒಂದನೆಯದು. ಉಳಿದವೆಲ್ಲ ಒಂದೊಂದು ಮನೆ ಮುಂದೆ ಹೋಗುತ್ತವೆ. ತುದಿ ಹಳದಿಯಾದ ನಾಲ್ಕನೆಯ ಎಲೆ ಐದಕ್ಕೆ ಬರುತ್ತೆ. ಅಂದರೆ ಮಗಳ ಮೇಲೆ. ಹರಿದ ಏಳನೆಯದು ಎಂಟಕ್ಕೆ ಬರುತ್ತೆ. ಹೆಣ್ಣುಮಕ್ಕಳಿಗೆ ಎಂಟು ಮಾಂಗಲ್ಯದ ಮನೆ. ಜಗಳ ಆದರೆ ರಾಜಿ ಮಾಡಬಹುದು.

ಅದು ಮೇಲಿನದ್ದೋ ಅಡಿಯದ್ದೋ? ಘಾಟ್‌ಕೋಪರಿನಲ್ಲಿ ಚೀಲ ಬುಡಮೇಲಾಗಿತ್ತು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೇಳಲು ಯಾರಿಂದಲೂ ಸಾಧ್ಯ ಇಲ್ಲ.

ಮಾರನೇ ದಿನ ಕಟ್ಟಡದ ಕೆಳಗೆ ಹೋಗಿ ಜೋಯಿಸರಿಗೆ ಫೋನ್ ಮಾಡಿದೆ. ಒಂದು ಎಲೆ ಉಳಿದಿತ್ತು, ಇನ್ನೊಮ್ಮೆ ನೋಡಬಹುದಾ ಅಂತ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ನನ್ನ ಕೈಗೆ ಬಂದದ್ದು 24. ಪ್ರಶ್ನೆಗೆ ಅಷ್ಟೇ ಲೆಕ್ಕ. ಚೀಲದಲ್ಲಿ ಉಳಿದದ್ದೂ ನಿಮಿತ್ತವೇ, ಅದೂ ಒಂದು ಸೂಚನೆ. ಒಂದೇ ವಿಷಯಕ್ಕೆ ಒಳ್ಳೆಯದು ಬರುವವರೆಗೆ ಕೇಳುತ್ತ ಹೋದರೆ ಅದು ಪ್ರಶ್ನೆ ಆಗೋದಿಲ್ಲ" ಅಂದರು. ನನಗೆ ಈ ಮಾತು ಸರಿ ಅಂತಲೂ ಅನಿಸಿತು, ತಪ್ಪಿಸಿಕೊಳ್ಳುವ ಮಾತು ಅಂತಲೂ ಅನಿಸಿತು. ಹರಿದದ್ದೂ ನಿಮಿತ್ತ, ಉಳಿದದ್ದೂ ನಿಮಿತ್ತ ಅಂದರೆ ಈ ಶಾಸ್ತ್ರ ತಪ್ಪುವುದಾದರೂ ಯಾವಾಗ? ಕೇಳುವ ಧೈರ್ಯ ಬರಲಿಲ್ಲ. ನಂಬಿಕೆ ಇಲ್ಲದವನು ಎಲೆ ಹಿಡಿದುಕೊಂಡು ಯಾಕೆ ಹೋಗಿದ್ದ ಅಂತ ಅವರು ತಿರುಗಿ ಕೇಳಬಹುದಿತ್ತು.

ಮಂಗಳವಾರ ಬ್ಯಾಂಕಿನ ಕೆಲಸ ಅಂತ ಹೇಳಿ ಚೆಂಬೂರಿನ ಛೇಡಾನಗರದ ಮುರುಗನ ಗುಡಿಗೆ ಹೋದೆ. ಅರ್ಚನೆಗೆ ಮಗಳ ಹೆಸರು, ನಕ್ಷತ್ರ ಹೇಳಿದೆ. ದಾನಕ್ಕೆ ಎರಡು ಕಿಲೋ ತೊಗರಿ ಬೇಳೆ ಹೊರಗೇ ಕೊಂಡಿದ್ದೆ. ಕೆಂಪು ಬಟ್ಟೆ ಮಾತ್ರ ಮನೆಯಿಂದ, ಬ್ಲೌಸ್ ಪೀಸಿನ ರಾಶಿಯಿಂದ ಒಂದು ಎಳೆದುಕೊಂಡಿದ್ದೆ. ಸಿಕ್ಕಿಬಿದ್ದದ್ದು ಅಲ್ಲೇ.

"ಹೋಯ್, ಇಲ್ಲಿ 31 ಪೀಸ್ ಇತ್ತು. 30 ಇದೆ. ಕೆಂಪು ಯಾರು ತೆಗೆದರು?" ಅಂತ ಹೆಂಡತಿ ರಾತ್ರಿ ಹನ್ನೊಂದಕ್ಕೆ ಎಣಿಸುತ್ತ ಕೂತಿದ್ದಳು. ಅವಳು ಎಣಿಸುವವಳು ಅಂತ ನನಗೆ ನೆನಪಿರಬೇಕಿತ್ತು. ಕಾರಿನ ಡ್ರೈವರ್ ಹೆಂಡತಿಗೆ ಕೊಟ್ಟೆ ಅಂದೆ. ನಮ್ಮ ಹತ್ತಿರ ಕಾರಿಲ್ಲ. ಬಾಡಿಗೆಗೆ ಮಾತಾಡಿದ್ದ ಕಾರಿನವನು ಅಂತ ಸೇರಿಸಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದಳು.

ಮದುವೆ ಚೆನ್ನಾಗಿಯೇ ಆಯಿತು. ಅವರ ಕ್ರಮದಲ್ಲಿ ಅಂತರಪಟ ಹಿಡಿದರು, ನಮ್ಮ ಕ್ರಮದಲ್ಲಿ ಧಾರೆ ಎರೆದೆವು. ಹಿಂದಿನ ರಾತ್ರಿ ಮದುವೆ ಹಾಲ್‌ನ ಹಿಂದಿನ ಕೋಣೆಯಲ್ಲಿ ತಾಂಬೂಲಕ್ಕೆ ತಂದ ಎಲೆ ಒರೆಸುವ ಕೆಲಸ ನಾನೇ ಬೇಕಂತ ತೆಗೆದುಕೊಂಡೆ. ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಸೂಜಿಮೊನೆಯಷ್ಟು ತೂತಿದ್ದದ್ದನ್ನೂ ಬೇರೆ ಇಟ್ಟೆ. ನಮ್ಮ ಭಾವ ಬಂದು "ಎಂತ ಮಾರಾಯ, ನೋಟು ಪರೀಕ್ಷೆ ಮಾಡುವ ಹಾಗೆ!" ಅಂತ ನಗಾಡಿದರು. ಧಾರೆಯ ಹೊತ್ತಿಗೆ ಮಗಳ ಕೈಗೆ ಹೋಗುವ ಎಲೆಗಳನ್ನು ಬೇರೆ ತಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ನೀರು ಬಿಡುವಾಗ ಎಲ್ಲರೂ ಅವಳ ಮುಖ ನೋಡುತ್ತಿದ್ದರು, ನಾನು ಎಲೆ ನೋಡುತ್ತಿದ್ದೆ. ಫೋಟೋಗಳಲ್ಲಿ ನಾನು ತಲೆ ತಗ್ಗಿಸಿ ಅಳುತ್ತಿರುವ ಹಾಗೆ ಕಾಣುತ್ತೆ. ಅಳುತ್ತಿರಲಿಲ್ಲ.

ಆಮೇಲಿನ ಒಂದು ವರ್ಷ ನಾನು ಎಣಿಸುತ್ತ ಕಳೆದೆ. ಮಗಳು ಫೋನಿನಲ್ಲಿ ‘ಅವನು ಒಂದು ಮಾತೂ ಕೇಳೋದಿಲ್ಲ ಅಪ್ಪ’ ಅಂದರೆ ಒಂದು. ಗಣಪತಿ ಹಬ್ಬಕ್ಕೆ ಅಳಿಯ ಬರದೆ ಅವಳೊಬ್ಬಳೇ ಬಂದದ್ದು ಎರಡು. ಇವನ್ನು ಹೆಂಡತಿ ಜಗಳ ಅಂತಲೇ ಲೆಕ್ಕಕ್ಕೆ ಹಿಡಿಯಲಿಲ್ಲ. "ನಾವು ಮೊದಲನೇ ವರ್ಷ ಎಷ್ಟು ಕಚ್ಚಾಡಿದ್ದೇವೆ, ಮರೆತು ಹೋಯ್ತಾ?" ಅಂದಳು. ಅವಳಿಗೆ ಹೇಳದೆ ಇದ್ದದ್ದರಿಂದ ಅವಳು ಅಷ್ಟು ಸಲೀಸಾಗಿ ಮಾತಾಡುತ್ತಿದ್ದಳು. ಮಾರ್ಚಿನಲ್ಲಿ ಒಂದು ದಿನ ಮಗಳು ದೊಡ್ಡ ಬ್ಯಾಗ್ ಹಿಡಿದು ಬಂದಳು. ಅಳಿಯನಿಗೆ ಕಂಪನಿಯವರು ಆರು ತಿಂಗಳಿಗೆ ಚೆನ್ನೈಗೆ ಹಾಕಿದ್ದಾರೆ, ಅಲ್ಲಿಯವರೆಗೆ ಇಲ್ಲೇ ಇರ್ತೀನಿ ಅಂದಳು. ‘ಸ್ವಲ್ಪ ಕಾಲ ಬೇರೆ ಬೇರೆ ಇರುವ ಸೂಚನೆ.’ ಇದು ಅದೇನಾ? ಇಷ್ಟೇನಾ? ನನಗೆ ಒಳಗಿಂದ ಎಷ್ಟು ಹಗುರ ಆಯಿತೆಂದರೆ ಕೆಳಗೆ ಹೋಗಿ ಅರ್ಧ ಕಿಲೋ ಜಿಲೇಬಿ ತಂದೆ. ಗಂಡ ದೂರ ಹೋದದ್ದಕ್ಕೆ ಅಪ್ಪ ಸಿಹಿ ತಂದದ್ದನ್ನು ಕಂಡು ಮಗಳಿಗೆ ಕೋಪ ಬಂತು.

ಆ ಆರು ತಿಂಗಳು ರಾತ್ರಿ ಬಾಗಿಲು ಹಾಕಿಕೊಂಡು ಅವರಿಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಕೆಲವು ದಿನ ದನಿ ಏರುತ್ತಿತ್ತು. ನಾನು ಎಣಿಸುವುದನ್ನು ಪೂರ್ತಿ ಬಿಟ್ಟಿರಲಿಲ್ಲ.

ಉಳಿದ ಆ ಒಂದು ಎಲೆಯನ್ನು ನಾನು ಎಸೆದಿರಲಿಲ್ಲ. ಆ ವರ್ಷದ ಪಂಚಾಂಗದೊಳಗೆ, ಆ ಭಾನುವಾರದ ಪುಟದಲ್ಲಿ ಇಟ್ಟಿದ್ದೆ. ಒಣಗಿ ಚಹಾಪುಡಿಯ ಬಣ್ಣಕ್ಕೆ ತಿರುಗಿದೆ. ಕಳೆದ ದೀಪಾವಳಿಯಲ್ಲಿ ಹೆಂಡತಿ ಕಪಾಟು ತೆಗೆದು ಹಳೇ ಪಂಚಾಂಗಗಳನ್ನು ರದ್ದಿಗೆ ಹಾಕುತ್ತಿದ್ದಳು. ಒಂದನ್ನು ಕೊಡವಿದಾಗ ಎಲೆ ಅವಳ ಮಡಿಲಿಗೆ ಬಿತ್ತು.

"ಇದೇನು ಎಲೆ?"

"ಸುಮ್ನೆ, ಗುರುತಿಗೆ ಇಟ್ಟಿದ್ದೆ."

ಅವಳು ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಪಂಚಾಂಗದಲ್ಲಿ ಎಲೆಯ ಕಲೆ ಮೂಡಿದ್ದ ಪುಟ ಹುಡುಕಿ, ಕನ್ನಡಕ ಏರಿಸಿ ತಾರೀಕು ಓದಿದಳು. ಕೇಳಲಿ ಅಂತ ಕಾದೆ. ಅವಳು ಎಲೆಯನ್ನು ಅದೇ ಪುಟದಲ್ಲಿಟ್ಟು ಮುಚ್ಚಿ, ಆ ಒಂದು ಪಂಚಾಂಗವನ್ನು ಮಾತ್ರ ರದ್ದಿಗೆ ಹಾಕದೆ ವಾಪಸ್ ಕಪಾಟಿನಲ್ಲಿಟ್ಟಳು.

"ಆ ಸ್ಟೂಲ್ ಸ್ವಲ್ಪ ಹಿಡ್ಕೊಳ್ಳಿ, ಮೇಲಿನ ಖಾನೆ ಇನ್ನೂ ಬಾಕಿ ಇದೆ" ಅಂದಳು.